ಅರ್ಥ ಆಮೇಲೆ, ಗುರುತು ಮೊದಲು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ‘ಮಾಯವರಂ ಗಾಡಿ’ ಎಂದರೆ ಯಾವ ಗಾಡಿ ಎಂದು ಯಾರೂ ಕೇಳುವುದಿಲ್ಲ. ಮೈಸೂರಿನಿಂದ ಹೊರಟು ಬೆಂಗಳೂರು, ಸೇಲಂ, ಈರೋಡ್, ಕರೂರು, ತಿರುಚಿರಾಪಳ್ಳಿ, ತಂಜಾವೂರು ಹಾದು ಮರುದಿನ ಬೆಳಿಗ್ಗೆ ಕುಂಭಕೋಣ ಮುಟ್ಟಿಸುವ ರೈಲು ಅದು. ಈಚಿನವರೆಗೆ ಅದು ಕೊನೆಗೊಳ್ಳುತ್ತಿದ್ದ ಊರಿಗೆ ಮಯಿಲಾಡುತುರೈ ಎಂದು ಹೆಸರಾಗಿ ದಶಕಗಳೇ ಕಳೆದರೂ ನಮ್ಮವರ ಬಾಯಲ್ಲಿ ಅದು ಮಾಯವರಂ. ನವಗ್ರಹ ಕ್ಷೇತ್ರಗಳಿಗೆ ಹರಕೆ ಹೊತ್ತವರು, ಕುಂಭಕೋಣದ ವಿಜಯೀಂದ್ರ ತೀರ್ಥರ ಬೃಂದಾವನ ನೋಡಬೇಕೆನ್ನುವವರು ಬಹಳ ಮಂದಿ ಇದನ್ನೇ ಹತ್ತುತ್ತಾರೆ. ನನ್ನ ಸೋದರತ್ತೆ ಮತ್ತು ಮಾವ ‘ನಾವಿಬ್ಬರೇ ಹೋಗಿಬರ್ತೀವಿ’ ಎಂದು ಹಟ ಹಿಡಿದದ್ದೂ ಈ ಗಾಡಿಯನ್ನು ನಂಬಿಕೊಂಡೇ.

ಆಗ ನಾನು ಚೆನ್ನೈನಲ್ಲಿ ಕೆಲಸದಲ್ಲಿದ್ದೆ. ತಮಿಳು ಓದುವುದನ್ನು ಬಸ್ಸಿನ ಬೋರ್ಡುಗಳಿಂದಲೇ ಕಲಿತವನು. ಜೊತೆಗೆ ಹೋಗಲು ರಜೆ ಸಿಗಲಿಲ್ಲ. ಅತ್ತೆಯ ಕಣ್ಣು ಚುರುಕು, ಆದರೆ ಕನ್ನಡ ಮತ್ತು ಅಂಕಿ ಬಿಟ್ಟರೆ ಬೇರೆ ಏನೂ ಓದಲು ಬಾರದು. ಮಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಪೊರೆ ಬಂದ ಕಣ್ಣಿಗೆ ಪ್ಲಾಟ್‌ಫಾರಂ ಮೇಲೆ ತೂಗುಹಾಕಿದ ಬೋರ್ಡು ಕಾಣದು. ಕಾಣುವವರಿಗೆ ಓದು ಬರುವುದಿಲ್ಲ, ಓದು ಬರುವವರಿಗೆ ಕಾಣುವುದಿಲ್ಲ. ಇಂಥ ಜೋಡಿಗೆ ಬೋರ್ಡುಗಳನ್ನು ಕನ್ನಡಕ್ಕೆ ಇಳಿಸಿಕೊಡುವ ಕೆಲಸ ನನ್ನದಾಯಿತು. ಮೊದಲು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ, ಆಮೇಲೆ ಅವರು ದಾರಿಯುದ್ದಕ್ಕೂ ಕಳಿಸುತ್ತಿದ್ದ ಫೋಟೋಗಳಿಗೆ ಉತ್ತರವಾಗಿ ಫೋನಿನಲ್ಲಿ.

ನೋಟ್‌ಬುಕ್ಕಿಗೆ ಮೊದಲು ಪದಗಳ ಪಟ್ಟಿಯನ್ನೇ ಬರೆದೆ. ‘ವರುಗೈ’ ಎಂದರೆ ಆಗಮನ, ‘ಪುರಪ್ಪಾಡು’ ಎಂದರೆ ನಿರ್ಗಮನ, ‘ನಡೈಮೇಡೈ’ ಎಂದರೆ ಪ್ಲಾಟ್‌ಫಾರಂ. ಅತ್ತೆ ಫೋನಿನಲ್ಲಿ ಕೇಳಿಸಿಕೊಂಡು, “ಇದೆಲ್ಲಾ ಸರಿ ಕಣೋ, ಬೋರ್ಡು ಕನ್ನಡದಲ್ಲಿ ‘ವರುಗೈ’ ಅಂತ ಬರೆದಿರುತ್ತೇನು? ನನಗೆ ಅರ್ಥ ಆಮೇಲೆ ಹೇಳು, ಗುರುತು ಮೊದಲು ಹೇಳು” ಎಂದರು. ಹೌದಲ್ಲ. ಓದಲು ಬಾರದ ಲಿಪಿಯಲ್ಲಿರುವ ಪದದ ಅರ್ಥ ಕಟ್ಟಿಕೊಂಡು ಅವರು ಮಾಡುವುದಾದರೂ ಏನು? ಆ ಪುಟ ಹರಿದು, ಬೋರ್ಡಿನ ಮುಂದೆ ನಿಂತವರು ಮೊದಲು ಏನನ್ನು ಹುಡುಕಬೇಕು, ಅದು ಸಿಕ್ಕಮೇಲೆ ಏನನ್ನು ನೋಡಬೇಕು ಎಂಬ ಕ್ರಮದಲ್ಲಿ ಹೊಸದಾಗಿ ಬರೆಯತೊಡಗಿದೆ.

ರೈಲಿನ ವಿಷಯದಲ್ಲಿ ಮೊದಲು ಹುಡುಕಬೇಕಾದದ್ದು ಗಾಡಿಯ ಐದಂಕಿಯ ಸಂಖ್ಯೆ. ಸ್ಟೇಷನ್ನಿನ ಎಲೆಕ್ಟ್ರಾನಿಕ್ ಬೋರ್ಡು ತಮಿಳು, ಹಿಂದಿ, ಇಂಗ್ಲಿಷುಗಳಲ್ಲಿ ಹೆಸರನ್ನು ಬದಲಾಯಿಸುತ್ತಾ ಹೋಗುತ್ತದೆ. ಒಂದು ಭಾಷೆಯನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಸಂಖ್ಯೆ ಮಾತ್ರ ಮೂರು ಸಲವೂ ಅದೇ. ಮೈಸೂರಿನಿಂದ ಹೋಗುವ ಗಾಡಿ 16232, ಮೈಸೂರಿಗೆ ಬರುವುದು 16231. ಮಾವನ ಹಳೆಯ ಡೈರಿಯಲ್ಲಿ 6232 ಎಂದಿತ್ತು. 2010ರ ಡಿಸೆಂಬರಿನಲ್ಲಿ ಗಾಡಿ ಸಂಖ್ಯೆಗಳನ್ನೆಲ್ಲ ನಾಲ್ಕಂಕಿಯಿಂದ ಐದಂಕಿಗೆ ಏರಿಸಿದಾಗ ಅದರ ಮುಂದೆ ಒಂದು ಸೇರಿಕೊಂಡಿತು. ಎರಡೂ ಗಾಡಿಗಳು ಕುಂಭಕೋಣದ ಬೋರ್ಡಿನಲ್ಲಿ ಬರುತ್ತವೆ, ಆಗ ಎರಡರಲ್ಲೂ ಮೈಸೂರು ಮತ್ತು ಮಯಿಲಾಡುತುರೈ ಎರಡೂ ಹೆಸರಿರುತ್ತಿದ್ದವು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದೆ: ‘ಕೊನೆಯಲ್ಲಿ ಎರಡಿದ್ದರೆ ಹೋಗುವ ಗಾಡಿ, ಒಂದಿದ್ದರೆ ಮನೆಗೆ ಬರುವ ಗಾಡಿ.’ ಈ ಒಂದು ಸಾಲು ಮೂರು ಭಾಷೆಯ ಕೆಲಸ ಮಾಡಿತು.

ಸಂಖ್ಯೆ ಹೆಸರಿಗಿಂತ ಗಟ್ಟಿ ಎನ್ನುವುದಕ್ಕೆ ಈ ಗಾಡಿಯ ಈಚಿನ ಕತೆಯೇ ಸಾಕ್ಷಿ. ಅದನ್ನು ಮಯಿಲಾಡುತುರೈಯಿಂದ ಮುಂದಕ್ಕೆ ಕಡಲೂರು ಪೋರ್ಟ್‌ವರೆಗೆ ವಿಸ್ತರಿಸಿದ್ದಾರೆ. ಮಾಯವರಂ ಎಂಬ ಹೆಸರಿಗಾಗಿ ಕಾದವರಿಗೆ ಬೋರ್ಡಿನಲ್ಲಿ ಕಡಲೂರು ಎದುರಾಗುತ್ತದೆ. 16232 ಎಂದು ಹುಡುಕಿದವರಿಗೆ ಯಾವ ವ್ಯತ್ಯಾಸವೂ ಇಲ್ಲ. ಊರಿನ ಹೆಸರು ಬದಲಾದರೂ ಸ್ಟೇಷನ್ನಿನ ಸಂಕೇತಾಕ್ಷರ ಹಳೆಯ ಹೆಸರಿನದೇ ಉಳಿದಿರುವುದೂ ಉಂಟು. ಟಿಕೆಟ್ಟಿನ ಮೇಲೆ ಮಯಿಲಾಡುತುರೈಗೆ ಇಂದಿಗೂ MV ಎಂದೇ ಇದೆ. ಮಾವ ಅದನ್ನು ಕಂಡು, “ನೋಡು, ರೈಲ್ವೆಯವರೂ ನನ್ನ ಹಾಗೇ, ಹಳೇ ಹೆಸರೇ ಹೇಳೋದು” ಎಂದು ಹಿಗ್ಗಿದರು.

ಸಂಖ್ಯೆ ಸಿಕ್ಕಮೇಲೆ ಸಮಯ. ಇಲ್ಲಿ ಅತ್ತೆಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಹೇಳಿಕೊಡಬೇಕಾಯಿತು. ಹನ್ನೆರಡು ಕಳೆಯುವುದು ಅವರಿಗೆ ಕಷ್ಟವಾಗಲಿಲ್ಲ. ಸಾಲಿನಲ್ಲಿ ಸಮಯದ ಹತ್ತಿರ A ಎಂದಿದ್ದರೆ ಅದು ಗಾಡಿ ಬರುವ ಹೊತ್ತು, D ಎಂದಿದ್ದರೆ ಹೊರಡುವ ಹೊತ್ತು. ಆ ಎರಡು ಇಂಗ್ಲಿಷ್ ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಟ್ಟೆ, ಅವನ್ನು ಅವರು ಚಿತ್ರದ ಹಾಗೆ ನೆನಪಿಟ್ಟುಕೊಂಡರು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಳೆಯ ವೇಳಾಪಟ್ಟಿಯಾದರೆ ಬರುವ ಹೊತ್ತು, ಹೊರಡುವ ಹೊತ್ತು ಎರಡೂ ಅಕ್ಕಪಕ್ಕದ ಕಾಲಂಗಳಲ್ಲಿರುತ್ತವೆ. ಒಂದು ಕಡೆ ಬರಿಯ ಗೆರೆಯಿದ್ದರೆ ಗಾಡಿ ಅಲ್ಲೇ ಹುಟ್ಟುತ್ತದೆ ಅಥವಾ ಅಲ್ಲೇ ಮುಗಿಯುತ್ತದೆ ಎಂದು ತಿಳಿಯಬೇಕು.

ನಿಜವಾದ ತೊಡಕು ವಾರದ ಕಾಲಂನಲ್ಲಿದೆ. ಭಾಷೆ ಬಂದವರೂ ಅಲ್ಲಿ ಎಡವುತ್ತಾರೆ. ತಮಿಳಿನಲ್ಲಿ ಸೋಮವಾರಕ್ಕೆ ‘ತಿಂಗಳ್’ ಎನ್ನುತ್ತಾರೆ, ಚಂದ್ರನ ವಾರ ಎಂಬ ಲೆಕ್ಕದಲ್ಲಿ. ಕನ್ನಡದ ಕಿವಿಗೆ ಅದು ತಿಂಗಳಿಗೊಮ್ಮೆ ಎಂದು ಕೇಳುತ್ತದೆ. ಭಾನುವಾರ ‘ಞಾಯಿರು’, ಮಂಗಳವಾರ ‘ಸೆವ್ವಾಯ್’, ಗುರುವಾರ ‘ವಿಯಾಳನ್’. ಪುದನ್, ವೆಳ್ಳಿ, ಸನಿ ಇವನ್ನು ಹೇಗೋ ಊಹಿಸಬಹುದು. ಇಷ್ಟನ್ನು ಬರೆದುಕೊಡುವುದು ಸುಲಭದ ಭಾಗ.

ಸುಲಭವಲ್ಲದ್ದು ನಡುರಾತ್ರಿ. ಹಿಂತಿರುಗುವಾಗ ಅವರು ಇನ್ನೊಂದೆರಡು ಕ್ಷೇತ್ರ ಸೇರಿಸಿಕೊಂಡು, ದಾರಿಯ ಒಂದು ಜಂಕ್ಷನ್ನಿನಿಂದ ವಾರಕ್ಕೊಮ್ಮೆ ಓಡುವ ಗಾಡಿಯೊಂದನ್ನು ಹಿಡಿಯಬೇಕಿತ್ತು. ಅದು ಆ ಸ್ಟೇಷನ್ನಿಗೆ ಬರುವುದು 00.20ಕ್ಕೆ. ಮಾವನ ಟಿಕೆಟ್ಟಿನಲ್ಲಿ ಭಾನುವಾರದ ತಾರೀಖು. ಫೋನಿನಲ್ಲಿ ನೋಡಿದ ಪಟ್ಟಿಯಲ್ಲಿ ಅದೇ ಗಾಡಿ ‘ಶನಿವಾರ ಮಾತ್ರ’ ಓಡುತ್ತದೆ ಎಂದಿತ್ತು. ಸ್ಟೇಷನ್ನಿನ ಗೋಡೆಯ ಬೋರ್ಡಿನ ಫೋಟೋ ಕಳಿಸಿದರು, ಅಲ್ಲಿ ‘ಞಾಯಿರು’. ಮಾವ ಗಾಬರಿಯಾಗಿ, “ಟಿಕೆಟ್ಟೇ ತಪ್ಪಾಗಿ ಕೊಟ್ಟುಬಿಟ್ಟಿದ್ದಾರೇನೋ” ಎಂದರು.

ಮೂರೂ ಸರಿಯಾಗಿಯೇ ಇದ್ದವು. ಗಾಡಿ ಓಡುವ ದಿನ ಎಂದು ರೈಲ್ವೆಯ ಪಟ್ಟಿಗಳಲ್ಲಿ ಕೊಡುವುದು ಅದು ಹುಟ್ಟುವ ಸ್ಟೇಷನ್ನಿನಿಂದ ಹೊರಡುವ ದಿನ. ಈ ಗಾಡಿ ಶನಿವಾರ ಎಲ್ಲೋ ಹೊರಟು, ದಾರಿಯಲ್ಲಿ ನಡುರಾತ್ರಿ ದಾಟಿ, ಭಾನುವಾರ ಹುಟ್ಟಿ ಇಪ್ಪತ್ತು ನಿಮಿಷಕ್ಕೆ ಈ ಜಂಕ್ಷನ್ನಿಗೆ ಬರುತ್ತದೆ. ಟಿಕೆಟ್ಟಿನಲ್ಲೂ ಈ ಗೋಡೆಯ ಬೋರ್ಡಿನಲ್ಲೂ ಇದ್ದದ್ದು ಇಲ್ಲಿಗೆ ಬರುವ ದಿನ. ಇದನ್ನು ವಿವರಿಸಿದಾಗ ಮಾವನಿಗೆ ಸಮಾಧಾನವಾಗಿ, “ಸರಿ ಹಾಗಾದರೆ, ಭಾನುವಾರ ರಾತ್ರಿ ಊಟ ಮುಗಿಸಿಕೊಂಡು ಹೊರಡ್ತೀವಿ” ಎಂದರು! ಭಾನುವಾರ ರಾತ್ರಿಗೆ ಗಾಡಿ ಹೋಗಿ ಸುಮಾರು ಒಂದು ದಿನವಾಗಿರುತ್ತದೆ. ನಮ್ಮ ಮನಸ್ಸಿಗೆ ದಿನ ಮುಗಿಯುವುದು ಮಲಗಿ ಎದ್ದಮೇಲೆ, ರೈಲ್ವೆಗೆ ಮುಗಿಯುವುದು ಹನ್ನೆರಡು ಹೊಡೆದಾಗ. “ಮಾವ, ಶನಿವಾರ ರಾತ್ರಿ ಊಟ ಮುಗಿಸಿ ಹತ್ತೂವರೆಗೆ ಸ್ಟೇಷನ್ನಿನಲ್ಲಿರಿ” ಎಂದು ಹೇಳಿ, ಅದನ್ನೇ ಬರೆದೂ ಕಳಿಸಿದೆ. ಅಂದಿನಿಂದ ಯಾರಿಗೇ ಬರೆದುಕೊಟ್ಟರೂ, ಸಮಯದ ಮೊದಲೆರಡು ಅಂಕಿ ಸೊನ್ನೆಸೊನ್ನೆ ಆಗಿದ್ದರೆ ಅಥವಾ 01, 02 ಎಂದಿದ್ದರೆ, ಪಕ್ಕದಲ್ಲಿ ತಾರೀಖು ಬರೆಯುವುದಿಲ್ಲ. ‘ಇಂಥ ದಿನ ರಾತ್ರಿ ಊಟವಾದ ಮೇಲೆ’ ಎಂದು ಬರೆಯುತ್ತೇನೆ.

ರೈಲಿನಲ್ಲಿ ಅಂಕಿ ಕೈಹಿಡಿಯುತ್ತದೆ. ಕುಂಭಕೋಣದ ಬಸ್‌ಸ್ಟ್ಯಾಂಡಿನಲ್ಲಿ ಆ ಆಸರೆ ಇಲ್ಲ. ದೂರದ ಬಸ್ಸುಗಳ ಹಣೆಯ ಮೇಲೆ ಹೆಚ್ಚಾಗಿ ತಮಿಳಿನಲ್ಲಿ ಊರಿನ ಹೆಸರೇ ಮುಖ್ಯ. ಇಲ್ಲಿ ಲಿಪಿಯನ್ನು ಎದುರಿಸಲೇಬೇಕು. ಒಂದು ಅನುಕೂಲವೆಂದರೆ ತಮಿಳಿನಲ್ಲಿ ಅಕ್ಷರ ಕಡಿಮೆ. ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅನನುಕೂಲವೂ ಅದೇ: ಕುಂಭಕೋಣ ಎಂಬುದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದರೆ ‘ಕುಮ್ಪಕೋಣಮ್’ ಆಗುತ್ತದೆ, ಶುಕ್ರನ ಕ್ಷೇತ್ರವಾದ ಕಂಜನೂರು ‘ಕಞ್ಚನೂರ್’ ಆಗುತ್ತದೆ. ಅನುನಾಸಿಕದ ಮುಂದೆ ಬಂದ ಅಕ್ಷರ ಮೃದುವಾಗುತ್ತದೆ, ಒತ್ತು ಬಿದ್ದರೆ ಗಡಸಾಗುತ್ತದೆ ಎಂಬುದು ಸಾಮಾನ್ಯ ನಿಯಮ. ಸಂಸ್ಕೃತದಿಂದ ಬಂದ ಹೆಸರುಗಳಲ್ಲಿ ಅದೂ ಪೂರ್ತಿ ನಡೆಯುವುದಿಲ್ಲ. ಹಾಗಾಗಿ ಪ್ರತಿ ಊರಿಗೂ ಮೂರು ರೂಪ ಬರೆದೆ: ಬೋರ್ಡಿನಲ್ಲಿ ಕಾಣುವ ತಮಿಳು ಅಕ್ಷರ ದಪ್ಪವಾಗಿ, ಅದರ ಕೆಳಗೆ ಕನ್ನಡದಲ್ಲಿ ಉಚ್ಚಾರ, ಅದರ ಕೆಳಗೆ ಜನ ಆಡುವ ಹೆಸರು. ಈ ಮೂರನೆಯದು ಬೇಕೇಬೇಕು. ಕಂಡಕ್ಟರ್ ಮಾಯವರಂ ಎಂದು ಕೂಗುತ್ತಾನೆ, ಬೋರ್ಡಿನಲ್ಲಿ ಮಯಿಲಾಡುತುರೈ. ಕುಂಭಕೋಣಕ್ಕೆ ಕುಡಂದೈ, ತಂಜಾವೂರಿಗೆ ತಂಜೈ, ನಾಗಪಟ್ಟಿಣಕ್ಕೆ ನಾಗೈ ಎಂಬ ಮೋಟು ಹೆಸರುಗಳೂ ಬೋರ್ಡಿನಲ್ಲೇ ಬರುವುದುಂಟು.

ಅತ್ತೆ ಹೆಸರಿನ ಮೊದಲ ಅಕ್ಷರ ನೋಡಿ ಗುರುತು ಹಿಡಿಯುತ್ತೇನೆ ಎಂದಿದ್ದರು. ಕಾವೇರಿ ಸೀಮೆಯಲ್ಲಿ ಅದು ನಡೆಯದು. ತಿರುನಾಗೇಶ್ವರಂ, ತಿರುನಳ್ಳಾರು, ತಿರುವೆಂಕಾಡು, ತಿರುವಾರೂರು, ತಿರುಚ್ಚಿ — ಎಲ್ಲದರ ತಲೆಯಲ್ಲೂ ‘ತಿರು’. ಆ ಎರಡಕ್ಷರವನ್ನು ಕೈಯಿಂದ ಮುಚ್ಚಿಕೊಂಡು ಉಳಿದದ್ದನ್ನು ನೋಡಿ ಎಂದೆ. ‘ತಿರು’ ಇಲ್ಲದ ಹೆಸರುಗಳಲ್ಲೂ ತಲೆಯನ್ನು ನಂಬುವಂತಿಲ್ಲ. ಶನೀಶ್ವರನ ತಿರುನಳ್ಳಾರಿಗೆ ಹೋಗಬೇಕಾದರೆ ಕಾರೈಕ್ಕಾಲ್ ಬಸ್ಸು ಹಿಡಿಯಬೇಕು. ಅದು ಪುದುಚೇರಿಗೆ ಸೇರಿದ, ಪೂರ್ವಕ್ಕೆ ಸಮುದ್ರದ ದಂಡೆಯಲ್ಲಿರುವ ಊರು. ಕಾರೈಕ್ಕುಡಿ ಇರುವುದು ದಕ್ಷಿಣದಲ್ಲಿ, ಚೆಟ್ಟಿನಾಡಿನಲ್ಲಿ, ಬೇರೆಯೇ ದಿಕ್ಕು. ತಮಿಳಿನಲ್ಲಿ ಬರೆದಾಗ ಎರಡಕ್ಕೂ ‘ಕಾರೈಕ್’ ಎನ್ನುವವರೆಗೆ ಒಂದೇ ರೂಪ, ವ್ಯತ್ಯಾಸವೆಲ್ಲ ಕೊನೆಯ ಎರಡಕ್ಷರದಲ್ಲಿ. ಆ ಕೊನೆಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ.

ಗುರುವಿನ ಕ್ಷೇತ್ರವಾದ ಆಲಂಗುಡಿಯ ಕತೆ ಇನ್ನೂ ಬೇರೆ. ಕುಂಭಕೋಣದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ನೋಟ್‌ಬುಕ್ಕು ಹಿಡಿದು ಬಸ್ಸಿಂದ ಬಸ್ಸಿಗೆ ನೋಡುತ್ತಾ ಹೋದರು. ಆಲಂಗುಡಿ ಎಂಬ ಬೋರ್ಡೇ ಇಲ್ಲ. ಫೋನು ಬಂತು. “ಬಸ್ಸಿನ ಹಣೆಯ ಫೋಟೋ ಒಂದೊಂದೇ ಕಳಿಸಿ ಅತ್ತೆ” ಎಂದೆ. ಬಂದ ಫೋಟೋಗಳಲ್ಲಿ ಒಂದರಲ್ಲಿ ದೊಡ್ಡಕ್ಷರದಲ್ಲಿ ಮನ್ನಾರ್‌ಗುಡಿ, ಕೆಳಗೆ ಸಣ್ಣಕ್ಷರದಲ್ಲಿ ‘ವಳಿ’ ಎಂದು ಬರೆದು ವಲಂಗೈಮಾನ್, ನೀಡಾಮಂಗಲಂ. ‘ವಳಿ’ ಎಂದರೆ ದಾರಿ, ಇಂಥ ಊರಿನ ಮೇಲೆ ಹೋಗುತ್ತದೆ ಎಂದು. ಆಲಂಗುಡಿ ಇರುವುದು ವಲಂಗೈಮಾನ್ ಮತ್ತು ನೀಡಾಮಂಗಲಂಗಳ ನಡುವೆ. ಬೋರ್ಡಿನಲ್ಲಿ ಹೆಸರೇ ಇಲ್ಲದ ಊರಿಗೆ ಆ ಬಸ್ಸೇ ಹೋಗುತ್ತದೆ. ಸಣ್ಣ ಕ್ಷೇತ್ರಗಳ ಗತಿ ಸಾಮಾನ್ಯವಾಗಿ ಇದೇ: ಬಸ್ಸು ಅವುಗಳ ಮೇಲೆ ಹೋಗುತ್ತದೆ, ಅವುಗಳ ಹೆಸರಿನಲ್ಲಿ ಹೋಗುವುದಿಲ್ಲ. ಹೆಸರು ಕಂಡರೂ ಎಚ್ಚರ ಬೇಕು, ಏಕೆಂದರೆ ಪುದುಕ್ಕೋಟೈ ಜಿಲ್ಲೆಯಲ್ಲೂ ಒಂದು ಆಲಂಗುಡಿ ಇದೆ, ಅದು ತಾಲ್ಲೂಕು ಕೇಂದ್ರ. ಆ ಕಡೆಯ ರಸ್ತೆಯ ಹಸಿರು ಫಲಕಗಳಲ್ಲಿ ಆಲಂಗುಡಿ ಎಂದು ಕಂಡು ಗುರುದರ್ಶನಕ್ಕೆ ತಿರುಗಿದರೆ ಗುರು ಸಿಗುವುದಿಲ್ಲ. ತಂಜಾವೂರು ಜಿಲ್ಲೆಯ ಪಾಪನಾಶಂ ಮತ್ತು ತಿರುನಲ್ವೇಲಿ ಜಿಲ್ಲೆಯ ಪಾಪನಾಶಂ ಕೂಡ ಇಂಥದೇ ಜೋಡಿ. ಇದಕ್ಕೆ ಲಿಪಿ ಕಲಿತೂ ಪ್ರಯೋಜನವಿಲ್ಲ. ಪಕ್ಕದ ಊರಿನ ಹೆಸರನ್ನೂ ಸೇರಿಸಿ ಬರೆದುಕೊಡಬೇಕು, ಅಷ್ಟೆ.

ತಂಜಾವೂರಿನಲ್ಲಿ ಅತ್ತೆ ನನ್ನ ನೆರವಿಲ್ಲದೆ ಒಂದು ಗಂಟು ಬಿಡಿಸಿಕೊಂಡರು. ಅಲ್ಲಿ ಹಳೆಯದು, ಹೊಸದು ಎಂದು ಎರಡು ಬಸ್‌ಸ್ಟ್ಯಾಂಡುಗಳಿವೆ, ಎರಡಕ್ಕೂ ನಡುವೆ ನಡೆದು ಹೋಗಲಾಗದಷ್ಟು ದೂರ. ಫಲಕದಲ್ಲಿ ‘ಪಳೈಯ ಪೇರುಂದು ನಿಲೈಯಂ’, ‘ಪುದಿಯ ಪೇರುಂದು ನಿಲೈಯಂ’ ಎಂದಿರುತ್ತದೆ. ಎರಡರ ಮೊದಲ ಅಕ್ಷರವೂ ‘ಪ’ ಕುಟುಂಬದ್ದೇ, ಮುಚ್ಚಳ ತೆಗೆದಿಟ್ಟ ಡಬ್ಬಿಯ ಹಾಗೆ ಕಾಣುವ ಅಕ್ಷರ. ಯಾರೋ ಓದಿ ಹೇಳಿದ್ದನ್ನು ಕೇಳಿ ಅತ್ತೆ ಯೋಚಿಸಿದ್ದಾರೆ: ಪಾಲು ನಮ್ಮಲ್ಲಿ ಹಾಲು, ಪೆಣ್ಣು ಹೆಣ್ಣು, ಹಾಗಾದರೆ ಪಳೈಯ ಎನ್ನುವುದು ಹಳೆಯ. ಉಳಿದದ್ದು ಹೊಸದು. ರಾತ್ರಿ ಫೋನು ಮಾಡಿ ವರದಿ ಒಪ್ಪಿಸಿದರು. ಶೌಚಾಲಯದ ಬಾಗಿಲ ಮೇಲಿನ ‘ಪೆಣ್‌ಗಳ್’ ಕೂಡ ಅದೇ ದಾರಿಯಲ್ಲಿ ಬಗೆಹರಿಯಿತಂತೆ.

ಮುಂದಿನ ಸಲ ಅವರ ಮಗ ಮೈಸೂರಿನಿಂದಲೇ ಕಾರು ಓಡಿಸಿಕೊಂಡು ಹೋದ. ಆಗ ರಸ್ತೆಯ ಪಾಳಿ. ಹೆದ್ದಾರಿಯ ಹಸಿರು ಫಲಕಗಳಲ್ಲಿ ತಮಿಳಿನ ಜೊತೆ ಇಂಗ್ಲಿಷೂ ಇರುವುದರಿಂದ ಅವನಿಗೆ ತೊಂದರೆಯಾಗಲಿಲ್ಲ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡು ಎಂದಿದ್ದೆ: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಮಾತನಾಡುತ್ತಾ ಕವಲೊಂದನ್ನು ತಪ್ಪಿ ಹಳ್ಳಿಯ ದಾರಿ ಹಿಡಿದರೆ ಕಲ್ಲಿನ ತಲೆ ಕಿತ್ತಳೆಗೆ ತಿರುಗಿರುತ್ತದೆ, ಅದು ಯಾವ ಭಾಷೆಯವನಿಗೂ ತಿಳಿಯುವ ಎಚ್ಚರಿಕೆ.

ಅವನು ನಿಂತು ಫೋಟೋ ಕಳಿಸಿದ್ದೆಲ್ಲ ಬೇರೆ ಜಾತಿಯ ಫಲಕಗಳು. ಡಾಂಬರು ಡ್ರಮ್ಮಿಗೆ ಆನಿಸಿ ನಿಲ್ಲಿಸಿದ ತಗಡು, ಮರಕ್ಕೆ ಕಟ್ಟಿದ ಫ್ಲೆಕ್ಸು, ಗೋಡೆಯ ಮೇಲೆ ಬ್ರಷ್ಷಿನಿಂದ ಗೀಚಿದ್ದು. ಒಂದರಲ್ಲಿ ‘ಮಾಟ್ರುಪ್ಪಾದೈ’ ಎಂದು ಬರೆದು ಬಾಣದ ಗುರುತು. ಮುಂದೆ ಸೇತುವೆ ಕೆಲಸ ನಡೆಯುತ್ತಿದೆ, ಬದಲಿ ದಾರಿಯಲ್ಲಿ ಹೋಗಿ ಎಂದು. ಇನ್ನೊಂದರಲ್ಲಿ ‘ವೇಗತ್ತಡೈ’, ಅದನ್ನು ಬಿಡಿಸಿ ಹೇಳುವ ಹೊತ್ತಿಗೆ ಕಾರು ಹಂಪ್ ಹಾರಿಯಾಗಿತ್ತು. ಪೇಟೆಯ ಬೀದಿಯಲ್ಲಿ ‘ಒರುವಳಿಪ್ಪಾದೈ’, ಎಂದರೆ ಏಕಮುಖ ಸಂಚಾರ. ಇವು ಯಾವುದರಲ್ಲೂ ಇಂಗ್ಲಿಷಿನ ಒಂದಕ್ಷರವಿರಲಿಲ್ಲ. ಆಗ ನನಗೆ ಸ್ಟೇಷನ್ನುಗಳ ನೆನಪಾಯಿತು. ಅಲ್ಲೂ ದಿನದಿನಕ್ಕೆ ಬದಲಾಗದ ಊರಿನ ಹೆಸರನ್ನು ಹಳದಿ ಹಲಗೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿರುತ್ತಾರೆ. ಇವತ್ತು ಗಾಡಿ ತಡ, ನಾಳೆ ರದ್ದು, ಪ್ಲಾಟ್‌ಫಾರಂ ಬದಲು ಎಂಬುದನ್ನು ಕಿಟಕಿಯ ಗಾಜಿಗೆ ಅಂಟಿಸಿದ ಕಾಗದದಲ್ಲಿ ಆ ಊರಿನ ಭಾಷೆಯಲ್ಲಿ ಮಾತ್ರ ಬರೆದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅದರಲ್ಲಿ ಕುಹಕವೇನಿಲ್ಲ. ಅವಸರದಲ್ಲಿ ಬರೆಯುವವನು ತನಗೆ ಬಂದ ಭಾಷೆಯಲ್ಲಿ ಬರೆಯುತ್ತಾನೆ, ನಮ್ಮಲ್ಲೂ ಹಾಗೇ. ಹೊರಗಿನವನಿಗೆ ಮಾತ್ರ ಅತಿ ಮುಖ್ಯವಾದ ಸುದ್ದಿಯೇ ಓದಲಾಗದ ಸುದ್ದಿ.

ಹಾಗಾಗಿ ನೋಟ್‌ಬುಕ್ಕಿನ ಪುಟಗಳ ಕ್ರಮವನ್ನೇ ತಿರುಗಿಸಿದೆ. ಈಗ ಮೊದಲ ಪುಟದಲ್ಲಿ ನಾಲ್ಕೇ ಪದ, ದಪ್ಪ ತಮಿಳಕ್ಷರದಲ್ಲಿ: ‘ರತ್ತು’ ಎಂದರೆ ರದ್ದು, ‘ತಾಮದಂ’ ಎಂದರೆ ತಡ, ‘ಮಾಟ್ರಂ’ ಎಂದರೆ ಬದಲಾವಣೆ, ‘ಮಾಟ್ರುಪ್ಪಾದೈ’ ಎಂದರೆ ಬದಲಿ ದಾರಿ. ಕೊನೆಯ ಎರಡರ ಆರಂಭ ಒಂದೇ ರೂಪವಾದ್ದರಿಂದ ಕಲಿಯಬೇಕಾದದ್ದು ನಿಜಕ್ಕೂ ಮೂರೇ. ಕೈಬರಹದ ಕಾಗದದಲ್ಲಿ ಇವುಗಳಲ್ಲಿ ಒಂದು ಕಂಡರೆ ಪಕ್ಕದಲ್ಲಿ ನಿಮ್ಮ ಗಾಡಿಯ ಸಂಖ್ಯೆ ಇದೆಯೇ ನೋಡಿ, ಇದ್ದರೆ ಮಾತ್ರ ಯಾರನ್ನಾದರೂ ಕೇಳಿ ಎಂದು ಕೆಳಗೆ ಬರೆದಿದ್ದೇನೆ.

ಚೆನ್ನೈ ಆಫೀಸಿನಲ್ಲಿ ಈ ನೋಟ್‌ಬುಕ್ಕಿನ ಸುದ್ದಿ ಹರಡಿ, ತಮಿಳು ಸಹೋದ್ಯೋಗಿಯೊಬ್ಬರು ತಮ್ಮ ತಂದೆ ತಾಯಿ ಮೈಸೂರು, ಮೇಲುಕೋಟೆ ಕಡೆಗೆ ಹೋಗುತ್ತಾರೆ, ಅವರಿಗೂ ಒಂದು ಮಾಡಿಕೊಡಿ ಎಂದರು. ಮೊದಲ ಸಾಲಿನಲ್ಲಿ ಎಂದಿನಂತೆ ‘ಅಂಕಿ ನಂಬಿ’ ಎಂದು ಬರೆಯಹೊರಟವನು ಪೆನ್ನು ನಿಲ್ಲಿಸಿದೆ. ನಮ್ಮ ಕಡೆಯ ಕೆಲವು ಬಸ್ಸುಗಳ ಹಲಗೆಯಲ್ಲಿ ಮಾರ್ಗದ ಸಂಖ್ಯೆಯೂ ಕನ್ನಡ ಅಂಕಿಯಲ್ಲೇ ಇರುತ್ತದೆ. ತಮಿಳುನಾಡಿನ ಬೋರ್ಡುಗಳಲ್ಲಿ ಎಲ್ಲೆಡೆ 1, 2, 3 ಕಂಡು ಅಭ್ಯಾಸವಾದ ಅವರಿಗೆ ೧, ೨, ೩ ಕೂಡ ಅಕ್ಷರಗಳೇ. ಹತ್ತು ಅಂಕಿಗಳನ್ನೂ ಎರಡು ಸಾಲಿನಲ್ಲಿ ಮೇಲೆ ಕೆಳಗೆ ಬರೆದುಕೊಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ, ೬ ಮತ್ತು ೯ರ ಮೇಲೆ ಬೆರಳಿಟ್ಟು, ಓಡುವ ಬಸ್ಸಿನಲ್ಲಿ ಇವೆರಡರಲ್ಲಿ ಯಾವುದು ಯಾವುದು ಎಂದು ಅಪ್ಪ ಹೇಗೆ ಹೇಳಬೇಕು ಎಂದು ಕೇಳಿದರು. ೬ರ ಬಾಲ ಯಾವ ಕಡೆಗೆ, ೯ರ ಬಾಲ ಯಾವ ಕಡೆಗೆ ಎಂದು ಅವರಿಗೆ ಹೇಳುವ ಮೊದಲು ನಾನೇ ಒಂದು ಸಲ ಬರೆದು ನೋಡಿಕೊಂಡೆ.